ಇಂಡೆಕ್ಸ್ ಒಂದೇ, ಕೊಟ್ಟ ಬೆಲೆ ಬೇರೆ: ಆಲ್ದೂರಿನ ಒಂದು ಇಟಿಎಫ್ ಖರೀದಿ

ಆಲ್ದೂರಿನ ಹತ್ತಿರ ಎಂಟು ಎಕರೆ ಕಾಫಿ ತೋಟ ಇರುವ ಬೆಳೆಗಾರರೊಬ್ಬರ ಪ್ರಕರಣ ಇದು. ಊರಲ್ಲಿ ಎಲ್ಲರೂ ಅವರನ್ನು ಗೌಡ್ರು ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಚಿಕ್ಕಮಗಳೂರಿನಲ್ಲಿ ಅವರ ತೆರಿಗೆ ಲೆಕ್ಕ ನೋಡುವವನು ನಾನು. ಜೂನ್‌ನಲ್ಲಿ ಅವರು ತಂದುಕೊಟ್ಟ ಕಾಗದಗಳ ನಡುವೆ ಎರಡು ಕಾಂಟ್ರ್ಯಾಕ್ಟ್ ನೋಟ್, ಅಂದರೆ ಬ್ರೋಕರ್ ಕೊಡುವ ಖರೀದಿ ಚೀಟಿ, ಇದ್ದವು. ಎರಡೂ ಒಂದೇ ದಿನದವು, ಎರಡೂ ಇಟಿಎಫ್ ಖರೀದಿ, ಎರಡರಲ್ಲೂ ಹತ್ತಿರ ಹತ್ತಿರ 3 ಲಕ್ಷ ರೂಪಾಯಿ. ಇಲ್ಲಿ ಇಟಿಎಫ್ ಅಂದರೆ ಒಂದು ಇಂಡೆಕ್ಸಿನ ಷೇರುಗಳನ್ನೇ ಹಿಡಿದಿರುವ, ತಾನೂ ಷೇರಿನಂತೆ ಪೇಟೆಯಲ್ಲಿ ಮಾರಾಟವಾಗುವ ಫಂಡ್. ಒಂದರಲ್ಲಿ ಅವರು ನ್ಯಾಯವಾದ ಬೆಲೆಗಿಂತ 66 ರೂಪಾಯಿ ಹೆಚ್ಚು ಕೊಟ್ಟಿದ್ದರು. ಇನ್ನೊಂದರಲ್ಲಿ 4,192 ರೂಪಾಯಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ಹೊಂದಿಸಿಕೊಂಡಿದ್ದೇನೆ, ಆದರೆ ಪ್ರಮಾಣ ಇಷ್ಟೇ.

ಹಿನ್ನೆಲೆ ಹೀಗಿದೆ. ಅರೇಬಿಕಾ ಪಾರ್ಚ್‌ಮೆಂಟ್ ಮಾರಿ, ಬೆಳೆಸಾಲ ತೀರಿಸಿದ ಮೇಲೆ ಗೌಡ್ರ ಕೈಯಲ್ಲಿ 6 ಲಕ್ಷ ಉಳಿದಿತ್ತು. ಏಳು ವರ್ಷ ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿದ್ದರು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅರ್ಧ ಹಣ ನಿಫ್ಟಿ 50ಕ್ಕೆ, ಅರ್ಧ ಅದರ ನಂತರದ 50 ದೊಡ್ಡ ಕಂಪನಿಗಳ ನಿಫ್ಟಿ ನೆಕ್ಸ್ಟ್ 50ಕ್ಕೆ ಅಂತ ಅವನೇ ಹಂಚಿದ. ನೆಕ್ಸ್ಟ್ 50 ಇಂಡೆಕ್ಸ್ ಫಂಡ್‌ನ ಡೈರೆಕ್ಟ್ ಪ್ಲಾನ್‌ಗೆ ವಾರ್ಷಿಕ ವೆಚ್ಚ 0.30 ಶೇಕಡಾ, ಅದೇ ಇಂಡೆಕ್ಸಿನ ಇಟಿಎಫ್‌ಗೆ 0.12. "ಸುಮ್ನೆ ಯಾಕಪ್ಪ ಜಾಸ್ತಿ ಕೊಡೋದು?" ಅಂದನಂತೆ. ಮಾತು ತಪ್ಪಲ್ಲ. ಆದರೆ ವೆಚ್ಚದ ಶೇಕಡಾ ನೋಡಿದಷ್ಟು ಹೊತ್ತು ಅವನು ಆರ್ಡರ್ ಹಾಕುವ ಪರದೆಯನ್ನು ನೋಡಲಿಲ್ಲ.

ಇಂಡೆಕ್ಸ್ ಫಂಡ್‌ನಲ್ಲಿ ಹಣ ನೇರವಾಗಿ ಫಂಡ್ ಸಂಸ್ಥೆಗೆ ಹೋಗುತ್ತದೆ. ಮಧ್ಯಾಹ್ನ 3 ಗಂಟೆಯೊಳಗೆ ಅರ್ಜಿ ಕೊಟ್ಟು, ಹಣವೂ ಅಷ್ಟರೊಳಗೆ ಅವರ ಖಾತೆಗೆ ಸೇರಿದ್ದರೆ ಆ ದಿನದ ಎನ್‌ಎವಿ, ಅಂದರೆ ಫಂಡ್‌ನ ಆಸ್ತಿಯ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಬರುವ ಬೆಲೆ, ಸಿಗುತ್ತದೆ. ಅಂದು ಕೊಂಡವರಿಗೆಲ್ಲ ಒಂದೇ ಬೆಲೆ, ಚೌಕಾಸಿ ಇಲ್ಲ. ಯೂನಿಟ್ ಮೂರು ದಶಾಂಶದವರೆಗೂ ಸಿಗುವುದರಿಂದ ಚಿಲ್ಲರೆ ಉಳಿಯುವುದಿಲ್ಲ. ಇಟಿಎಫ್‌ನಲ್ಲಿ ನೀವು ಫಂಡ್ ಸಂಸ್ಥೆಯಿಂದ ಕೊಳ್ಳುವುದೇ ಇಲ್ಲ. ಸಂಸ್ಥೆಯ ಜೊತೆ ನೇರ ವ್ಯವಹಾರ ಮಾಡಬೇಕಾದರೆ ಆರ್ಡರ್ 25 ಕೋಟಿ ರೂಪಾಯಿಗಿಂತ ದೊಡ್ಡದಿರಬೇಕು ಅನ್ನುವುದು ಸೆಬಿ ನಿಯಮ. ನಮ್ಮಂಥವರು ಷೇರು ಪೇಟೆಯಲ್ಲಿ ಇನ್ಯಾರೋ ಮಾರುವ ಯೂನಿಟ್ಟನ್ನು ಅವರು ಹೇಳಿದ ಬೆಲೆಗೆ ಕೊಳ್ಳಬೇಕು. ಮೆಣಸಿನ ವ್ಯಾಪಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೇಪರಿನಲ್ಲಿ ಬರುವ ರೇಟ್ ಒಂದು, ವ್ಯಾಪಾರಿ ಕೊಡುವ ರೇಟ್ ಇನ್ನೊಂದು, ಅದೇ ವ್ಯಾಪಾರಿಯಿಂದ ವಾಪಸ್ ಕೊಳ್ಳಲು ಹೋದರೆ ಮೂರನೆಯದು.

ಇಟಿಎಫ್‌ನಲ್ಲಿ ಪೇಪರ್ ರೇಟಿನ ಜಾಗದಲ್ಲಿರುವುದು ಐ-ಎನ್‌ಎವಿ. ಫಂಡ್ ಹಿಡಿದಿರುವ ಷೇರುಗಳ ಈ ಕ್ಷಣದ ಬೆಲೆಯ ಮೇಲೆ ಒಂದು ಯೂನಿಟ್ಟಿನ ಬೆಲೆ ಎಷ್ಟಾಗಬೇಕು ಅನ್ನುವ ಅಂದಾಜು ಅದು. ಇಲ್ಲಿನ ಷೇರುಗಳ ಇಟಿಎಫ್‌ಗಳಿಗೆ ಪೇಟೆ ನಡೆಯುವಷ್ಟು ಹೊತ್ತೂ ಇದನ್ನು ಹೊಸದಾಗಿಸುತ್ತಿರಬೇಕು, 15 ಸೆಕೆಂಡಿಗಿಂತ ಹಳೆಯದಾಗಬಾರದು. ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ. ಎಷ್ಟೋ ಬ್ರೋಕರ್ ಆ್ಯಪ್‌ಗಳಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಪ್ರಕಾರ ಸಣ್ಣ ಹೂಡಿಕೆದಾರರು ಎಡವುವುದಕ್ಕೆ ಅರ್ಧ ಕಾರಣ ಇದೇ.

ಈಗ 4,192 ರೂಪಾಯಿ ಹೆಚ್ಚು ಕೊಟ್ಟ ಆ ಖರೀದಿ. ಮಾರ್ಚ್ ಮೊದಲ ವಾರ, ಬೆಳಗ್ಗೆ 9 ಗಂಟೆ 18 ನಿಮಿಷ. ಪೇಟೆ ತೆರೆದು ಮೂರೇ ನಿಮಿಷ. ನೆಕ್ಸ್ಟ್ 50 ಇಟಿಎಫ್‌ನ ಐ-ಎನ್‌ಎವಿ 68.40 ರೂಪಾಯಿ. ಕೊಳ್ಳುವವರ ಸಾಲಿನಲ್ಲಿ ಅತಿ ಹೆಚ್ಚಿನ ಬೆಲೆ 67.95. ಮಾರುವವರ ಸಾಲಿನಲ್ಲಿ ಅತಿ ಕಡಿಮೆ ಬೆಲೆ 68.62. ಈ ಎರಡರ ನಡುವಿನ 67 ಪೈಸೆಯೇ ಬಿಡ್-ಆಸ್ಕ್ ಅಂತರ, ಹತ್ತಿರ ಹತ್ತಿರ ಒಂದು ಶೇಕಡಾ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 68.62ಕ್ಕೆ ಮಾರಲು ಇದ್ದದ್ದು ಬರೀ 850 ಯೂನಿಟ್. ಮಗ ಹಾಕಿದ್ದು 4,300 ಯೂನಿಟ್ಟಿನ ಮಾರ್ಕೆಟ್ ಆರ್ಡರ್. ಅಂದರೆ, ಯಾವ ಬೆಲೆಗಾದರೂ ಸರಿ, ಈಗಲೇ ಬೇಕು. ಆರ್ಡರ್ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋಯಿತು:

```
850   x 68.62 =   58,327
600   x 68.95 =   41,370
1,200 x 69.40 =   83,280
1,650 x 69.90 = 1,15,335
4,300 ಯೂನಿಟ್   = 2,98,312
```

ಸರಾಸರಿ ಬೆಲೆ 69.37. ಐ-ಎನ್‌ಎವಿ ಪ್ರಕಾರ 4,300 ಯೂನಿಟ್ಟಿಗೆ ಆಗಬೇಕಿದ್ದದ್ದು 2,94,120. ಹೆಚ್ಚು ಕೊಟ್ಟದ್ದು 4,192, ಅಂದರೆ 1.4 ಶೇಕಡಾ. ಬ್ರೋಕರೇಜ್ ಸೊನ್ನೆ ಅಂತ ಆ್ಯಪ್ ದೊಡ್ಡ ಅಕ್ಷರದಲ್ಲಿ ತೋರಿಸಿತ್ತು. ಅದೂ ನಿಜವೇ. ಈ 4,192 ಯಾವ ಶುಲ್ಕದ ಪಟ್ಟಿಯಲ್ಲೂ ಬರುವುದಿಲ್ಲ, ಯೂನಿಟ್ಟಿನ ಬೆಲೆಯೊಳಗೇ ಸೇರಿಹೋಗಿರುತ್ತದೆ.

ಅದೇ ದಿನ 11 ಗಂಟೆಗೆ ನಿಫ್ಟಿ 50 ಇಟಿಎಫ್‌ಗೂ ಮಾರ್ಕೆಟ್ ಆರ್ಡರೇ ಹಾಕಿದ್ದ. ಐ-ಎನ್‌ಎವಿ 272.35, ಮಾರುವವರ ಬೆಲೆ 272.41, ಆ ಒಂದೇ ಬೆಲೆಗೆ ಸಾವಿರಾರು ಯೂನಿಟ್ ಸಾಲಾಗಿ ನಿಂತಿದ್ದವು. 1,100 ಯೂನಿಟ್ಟಿಗೆ ತಲಾ ಆರು ಪೈಸೆ, ಒಟ್ಟು 66 ರೂಪಾಯಿ. ಮನುಷ್ಯ ಅದೇ, ಆ್ಯಪ್ ಅದೇ, ಆರ್ಡರ್ ರೀತಿಯೂ ಅದೇ. ಬೇರೆಯಾಗಿದ್ದದ್ದು ಇಟಿಎಫ್‌ನ ವಹಿವಾಟು ಮತ್ತು ಗಡಿಯಾರ.

ಗಡಿಯಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಇಟಿಎಫ್‌ಗೂ ಫಂಡ್ ಸಂಸ್ಥೆ ಕನಿಷ್ಠ ಇಬ್ಬರು ಮಾರ್ಕೆಟ್ ಮೇಕರ್‌ಗಳನ್ನು ನೇಮಿಸಬೇಕು. ಐ-ಎನ್‌ಎವಿ ಹತ್ತಿರ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಹಾಕಿ ಕೂರುವುದು ಅವರ ಕೆಲಸ. ನಿಮಗೆ ಯೂನಿಟ್ ಮಾರಿದ ಕೂಡಲೇ ಅವರು ಅದರೊಳಗಿನ 50 ಷೇರುಗಳನ್ನು ಕೊಂಡು ಲೆಕ್ಕ ಸರಿಮಾಡಿಕೊಳ್ಳುತ್ತಾರೆ. 9:15ಕ್ಕೆ ಪೇಟೆ ತೆರೆದಾಗ ಆ ಷೇರುಗಳ ಬೆಲೆಯೇ ಇನ್ನೂ ನಿಂತಿರುವುದಿಲ್ಲ. ಅದಕ್ಕೇ ಅವರು ಹಿಂದೆ ಸರಿದಿರುತ್ತಾರೆ, ಇಲ್ಲವೇ ಅಂತರ ಅಗಲ ಮಾಡಿಕೊಂಡಿರುತ್ತಾರೆ. ಆಗ ಸಾಲಿನಲ್ಲಿ ಉಳಿಯುವುದು ಬಿಡಿ ಜನ ಹಿಂದಿನ ರಾತ್ರಿಯೇ ಹಾಕಿಟ್ಟ ಆರ್ಡರ್‌ಗಳು. 69.90ಕ್ಕೆ ಮಾರಲು ಕೂತವನು ಯಾರೋ ಅದೃಷ್ಟ ಪರೀಕ್ಷೆ ಮಾಡುತ್ತಿದ್ದಿರಬೇಕು. ಅವನಿಗೆ ಗಿರಾಕಿ ಸಿಕ್ಕಿದ್ದು ಆಲ್ದೂರಿನಿಂದ.

ಇನ್ನೊಂದು ದಿನ ಗೌಡ್ರನ್ನು ಪಕ್ಕದಲ್ಲೇ ಕೂರಿಸಿಕೊಂಡು ಅದೇ ಇಟಿಎಫ್ ಅನ್ನು ಹನ್ನೊಂದೂವರೆಗೆ ನೋಡಿದೆವು. ಐ-ಎನ್‌ಎವಿ 70.10. ಕೊಳ್ಳುವವರು 70.02, ಮಾರುವವರು 70.22. ಎರಡೂ ಕಡೆ ಮೂರು ಮೂರು ಸಾವಿರ ಯೂನಿಟ್ ಇದ್ದವು. ಮಾರ್ಚ್‌ನ ಆ ಬೆಳಗಿನ 67 ಪೈಸೆ ಅಂತರ 20 ಪೈಸೆಗೆ ಇಳಿದಿತ್ತು. 70.15ಕ್ಕೆ ಲಿಮಿಟ್ ಆರ್ಡರ್, ಅಂದರೆ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಅನ್ನುವ ಆರ್ಡರ್, ಹಾಕಿ ಕಾದರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಸಿಗದಿದ್ದರೆ ನಷ್ಟವೇನೂ ಇಲ್ಲ, ನಾಳೆ ಮತ್ತೆ ಹಾಕಿದರಾಯಿತು. "ಬೆಳಗ್ಗೆ ಬೆಳಗ್ಗೆ ಯಾಕೆ ಹಾಕಿದ್ನೋ ಇವ್ನು!" ಅಂದರು ಗೌಡ್ರು. ಆಫೀಸಿನ ಮೀಟಿಂಗ್ ಶುರುವಾಗುವುದಕ್ಕೆ ಮೊದಲು ಮುಗಿಸೋಣ ಅಂತ ಹಾಕಿದ್ದನಂತೆ.

ಆದರೆ ಹನ್ನೊಂದೂವರೆಯ ಪರದೆಯನ್ನೂ ಪೂರ್ತಿ ನಂಬಿ ಕೂರಬೇಡಿ. ಅದು ಶಾಂತವಾದ ದಿನವಾಗಿತ್ತು. 2024ರ ಜೂನ್ 4ರಂದು, ಚುನಾವಣೆ ಫಲಿತಾಂಶದ ದಿನ, ನಿಫ್ಟಿ ಒಂದೇ ದಿನ ಸುಮಾರು 6 ಶೇಕಡಾ ಕುಸಿಯಿತು. ಅಂಥ ದಿನ ಮಾರ್ಕೆಟ್ ಮೇಕರ್‌ಗಳೂ ಅಂತರ ಅಗಲ ಮಾಡುತ್ತಾರೆ. ಹೆದರಿ ಮಾರುವವರು ಅವತ್ತೇ ಜಾಸ್ತಿ, ಕೊಳ್ಳುವವರ ಸಾಲು ಅವತ್ತೇ ತೆಳು.

ಇನ್ನು ಟ್ರ್ಯಾಕಿಂಗ್ ಡಿಫರೆನ್ಸ್. ಇಂಡೆಕ್ಸ್ ಕೊಟ್ಟ ಲಾಭಕ್ಕೂ ಫಂಡ್ ಕೊಟ್ಟ ಲಾಭಕ್ಕೂ ಇರುವ ವ್ಯತ್ಯಾಸ ಅಷ್ಟೇ. ಟ್ರ್ಯಾಕಿಂಗ್ ಎರರ್ ಅನ್ನುವುದು ಬೇರೆ, ಆ ವ್ಯತ್ಯಾಸ ದಿನದಿಂದ ದಿನಕ್ಕೆ ಎಷ್ಟು ಅಲುಗಾಡುತ್ತದೆ ಅನ್ನುವ ಲೆಕ್ಕ ಅದು. ಕೈಯಿಂದ ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ನೋಡಬೇಕಾದದ್ದು ಮೊದಲನೆಯದು. ಎಲ್ಲ ಫಂಡ್ ಸಂಸ್ಥೆಗಳೂ ಇದನ್ನು ತಿಂಗಳು ತಿಂಗಳು ಪ್ರಕಟಿಸಬೇಕು.

ಗೌಡ್ರ ಮಗ ಆಯ್ಕೆ ಮಾಡಿದ ಇಟಿಎಫ್ ಹಿಂದಿನ ಒಂದು ವರ್ಷದಲ್ಲಿ 11.15 ಶೇಕಡಾ ಕೊಟ್ಟಿತ್ತು. ಇಂಡೆಕ್ಸ್ ಫಂಡ್ 11.02. ಟಿವಿಯಲ್ಲಿ ಕಾಣುವ ನೆಕ್ಸ್ಟ್ 50 ಆ ವರ್ಷ ಏರಿದ್ದು 10.30. "ಎರಡೂ ಇಂಡೆಕ್ಸಿಗಿಂತ ಜಾಸ್ತಿ ಕೊಟ್ಟಿವೆ ಅಲ್ವಾ?" ಅಂತ ಮಗ ಫೋನಿನಲ್ಲಿ ಕೇಳಿದ. ಇಲ್ಲ. ಟಿವಿಯಲ್ಲಿ ಬರುವುದು ಷೇರುಗಳ ಬೆಲೆ ಮಾತ್ರ ಎಣಿಸುವ ಇಂಡೆಕ್ಸ್. ಕಂಪನಿಗಳು ಕೊಡುವ ಡಿವಿಡೆಂಡ್ ಅದರಲ್ಲಿ ಇಲ್ಲ. ಫಂಡ್‌ಗೆ ಆ ಡಿವಿಡೆಂಡ್ ಬರುತ್ತದೆ, ಎನ್‌ಎವಿಯಲ್ಲಿ ಸೇರುತ್ತದೆ. ಹೋಲಿಸಬೇಕಾದದ್ದು ಡಿವಿಡೆಂಡ್ ಸೇರಿಸಿದ ಟೋಟಲ್ ರಿಟರ್ನ್ ಇಂಡೆಕ್ಸ್ ಜೊತೆ, ಅಂದರೆ ಟಿಆರ್‌ಐ ಜೊತೆ. ಅದು ಆ ವರ್ಷ 11.40 ಇತ್ತು. ಹಾಗಾಗಿ ಇಟಿಎಫ್ ಹಿಂದೆ ಬಿದ್ದದ್ದು 0.25, ಇಂಡೆಕ್ಸ್ ಫಂಡ್ 0.38.

ಇಲ್ಲಿ ಒಂದು ವಿಷಯ ಗಮನಿಸಿ. ವೆಚ್ಚದ ಪಟ್ಟಿ ನೋಡಿದರೆ ಇಟಿಎಫ್ 0.18ರಷ್ಟು ಅಗ್ಗ. ನಿಜವಾಗಿ ಉಳಿದದ್ದು 0.13 ಮಾತ್ರ. ಇಟಿಎಫ್ ತನ್ನ ವೆಚ್ಚಕ್ಕಿಂತ ಎರಡರಷ್ಟು ಹಿಂದೆ ಬಿದ್ದಿದೆ. ನೆಕ್ಸ್ಟ್ 50ರಲ್ಲಿ ಇದು ಆಶ್ಚರ್ಯವಲ್ಲ. ಈ ಇಂಡೆಕ್ಸಿನ ಷೇರುಗಳ ಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಬದಲಾಗುತ್ತದೆ. ಮೇಲಿನವು ನಿಫ್ಟಿ 50ಕ್ಕೆ ಹೋಗುತ್ತವೆ, ಕೆಳಗಿನವು ಹೊರಬೀಳುತ್ತವೆ, ಹೊಸವು ಬರುತ್ತವೆ. ಫಂಡ್ ಅದೇ ಹೊತ್ತಿಗೆ ಮಾರಿ ಕೊಳ್ಳಬೇಕು. ಆ ಓಡಾಟದ ಖರ್ಚು ವೆಚ್ಚದ ಶೇಕಡಾದಲ್ಲಿ ಕಾಣುವುದಿಲ್ಲ, ಟ್ರ್ಯಾಕಿಂಗ್ ಡಿಫರೆನ್ಸ್‌ನಲ್ಲಿ ಕಾಣುತ್ತದೆ. ಬಂದ ಡಿವಿಡೆಂಡ್ ಕೆಲವು ದಿನ ನಗದಾಗಿ ಕೂತರೆ ಅದೂ ಅಲ್ಲೇ ಕಾಣುತ್ತದೆ.

ಟ್ರ್ಯಾಕಿಂಗ್ ಡಿಫರೆನ್ಸ್ ಲೆಕ್ಕ ಹಾಕುವುದು ಎನ್‌ಎವಿ ಮೇಲೆ. ಇಂಡೆಕ್ಸ್ ಫಂಡ್ ಕೊಂಡವನು ಎನ್‌ಎವಿಗೇ ಕೊಂಡು ಎನ್‌ಎವಿಗೇ ಮಾರುತ್ತಾನೆ, ಹಾಗಾಗಿ ಪ್ರಕಟವಾದ ಸಂಖ್ಯೆಯೇ ಅವನ ಸಂಖ್ಯೆ. ಇಟಿಎಫ್ ಕೊಂಡವನು ಪೇಟೆ ಬೆಲೆಗೆ ಕೊಂಡಿರುತ್ತಾನೆ. ಅವನು ಬಾಗಿಲಲ್ಲಿ ಕೊಟ್ಟ 1.4 ಶೇಕಡಾ ಆ ಸಂಖ್ಯೆಯಲ್ಲಿ ಇಲ್ಲವೇ ಇಲ್ಲ. ಏಳು ವರ್ಷ ಇಟ್ಟುಕೊಂಡರೆ ಅದು ವರ್ಷಕ್ಕೆ 0.20 ಆಗುತ್ತದೆ. ಗೌಡ್ರ ಪಾಲಿನ ನಿಜವಾದ ವ್ಯತ್ಯಾಸ 0.25 ಅಲ್ಲ, 0.45. ಮಾರುವಾಗಿನ ಅಂತರ ಇನ್ನೂ ಸೇರಿಸಿಲ್ಲ. ದುಬಾರಿ ಅಂತ ಬಿಟ್ಟ ಇಂಡೆಕ್ಸ್ ಫಂಡ್ 0.38ರಲ್ಲೇ ಮುಗಿಯುತ್ತಿತ್ತು. ಇನ್ನೊಂದು ರೀತಿ ಹೇಳಬೇಕೆಂದರೆ, ಇಟಿಎಫ್‌ನಿಂದ ವರ್ಷಕ್ಕೆ ಉಳಿಯುವುದು ಸುಮಾರು 380 ರೂಪಾಯಿ, 4,192 ತುಂಬಿಕೊಳ್ಳಲು ಹನ್ನೊಂದು ವರ್ಷ ಬೇಕು.

ಹನ್ನೊಂದೂವರೆಗೆ ಲಿಮಿಟ್ ಆರ್ಡರ್ ಹಾಕಿ ಹತ್ತು ಪೈಸೆ ಹೆಚ್ಚು ಕೊಟ್ಟಿದ್ದರೆ? 430 ರೂಪಾಯಿ. ವರ್ಷಕ್ಕೆ 0.02 ಮಾತ್ರ. ಆಗ ಇಟಿಎಫ್ ಗೆಲ್ಲುತ್ತಿತ್ತು. ಮಗನ ಲೆಕ್ಕ ಕೆಟ್ಟದ್ದು ಇಟಿಎಫ್ ಆರಿಸಿದ್ದಕ್ಕಲ್ಲ, ಆರ್ಡರ್ ಹಾಕಿದ ರೀತಿಗೆ.

ಇಟಿಎಫ್ ಯೂನಿಟ್‌ಗಳನ್ನು ಇಡುವ ಡಿಮ್ಯಾಟ್ ಖಾತೆಯ ಕಡೆ ಬರೋಣ. ಗೌಡ್ರಿಗೆ ಇದರ ಬಿಸಿ ತಟ್ಟಿದ್ದು ಏಪ್ರಿಲ್‌ನಲ್ಲಿ. ಹೂ ಬಂದ ಮೇಲಿನ ಬ್ಯಾಕಿಂಗ್ ನೀರು ಕೊಡುವ ಹೊತ್ತಿಗೆ ಪಂಪ್‌ಸೆಟ್ಟಿನ ಮೋಟಾರ್ ಸುಟ್ಟಿತು. 45 ಸಾವಿರ ತಕ್ಷಣ ಬೇಕು. ಏಳು ವರ್ಷ ಮುಟ್ಟುವುದಿಲ್ಲ ಅಂದಿದ್ದ ಹಣದಲ್ಲಿ 165 ಯೂನಿಟ್ ನಿಫ್ಟಿ 50 ಇಟಿಎಫ್ ಮಾರಲು ಹೊರಟರು. ಶುಕ್ರವಾರ ಮಧ್ಯಾಹ್ನ. ಆರ್ಡರ್ ಹಾಕಿದರೆ ಆ್ಯಪ್ ಟಿಪಿನ್, ಅಂದರೆ ಡಿಮ್ಯಾಟ್‌ನಿಂದ ಯೂನಿಟ್ ಹೊರಬಿಡಲು ಬೇಕಾದ ಗುಪ್ತ ಸಂಖ್ಯೆ, ಕೇಳಿತು, ಆಮೇಲೆ ಓಟಿಪಿ. ಟಿಪಿನ್ ಗೌಡ್ರ ಡೈರಿಯಲ್ಲಿತ್ತು. ಓಟಿಪಿ ಹೋಗಿದ್ದು ಮಗನ ಮೊಬೈಲಿಗೆ. ಖಾತೆ ತೆರೆಯುವಾಗ ಕುಟುಂಬದ ನಂಬರ್ ಅಂತ ತನ್ನದೇ ಕೊಟ್ಟಿದ್ದ. ಅವನು ಮೀಟಿಂಗಿನಲ್ಲಿ. ಇತ್ತ ಗೌಡ್ರ ತೋಟದಲ್ಲಿ ಗೇಟಿನ ಹತ್ತಿರದ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್. ಮೂರೂವರೆಗೆ ಪೇಟೆ ಮುಚ್ಚಿತು.

ಸೋಮವಾರ ಮಾರಿದರು. ಮಾರಿದ ಮರುದಿನ ಹಣ ಬರುವ ಟಿ+1 ಪದ್ಧತಿ ಈಗ ಎಲ್ಲ ಷೇರುಗಳಿಗೂ ಇಟಿಎಫ್‌ಗಳಿಗೂ ಇದೆ. ಆದರೆ ಮಂಗಳವಾರ ಹಣ ಬಂದದ್ದು ಬ್ರೋಕರ್ ಬಳಿಯ ಅವರ ಖಾತೆಗೆ, ಬ್ಯಾಂಕಿಗಲ್ಲ. ವಿತ್‌ಡ್ರಾ ಅಂತ ಬೇರೆ ಒತ್ತಬೇಕು. ಅದು ಗೊತ್ತಾಗಿ ಒತ್ತಿ, ಬ್ಯಾಂಕಿಗೆ ಬರುವಷ್ಟರಲ್ಲಿ ಬುಧವಾರ. ಅಷ್ಟರೊಳಗೆ ಮೋಟಾರ್ ರಿವೈಂಡಿಂಗ್ ಮಾಡುವವನಿಗೆ ಬಾಮೈದನ ಹತ್ತಿರ ಕೈಗಡ ತಂದು ಕೊಟ್ಟಾಗಿತ್ತು.

ಇಂಡೆಕ್ಸ್ ಫಂಡ್ ಆಗಿದ್ದರೆ? ಓಟಿಪಿ ಅಲ್ಲೂ ಬೇಕು, ನಂಬರ್ ಮಗನದಾಗಿದ್ದರೆ ಅಲ್ಲೂ ಇದೇ ಕಥೆ. ಈ ತಪ್ಪನ್ನು ಇಟಿಎಫ್ ತಲೆಗೆ ಕಟ್ಟುವುದು ಸರಿಯಲ್ಲ. ಶುಕ್ರವಾರ 3 ಗಂಟೆಯೊಳಗೆ ಅರ್ಜಿ ಹೋಗಿದ್ದರೆ ಅಂದಿನ ಎನ್‌ಎವಿ ಸಿಗುತ್ತಿತ್ತು, ಹಣ ಸಾಮಾನ್ಯವಾಗಿ ಎರಡು ಕೆಲಸದ ದಿನದಲ್ಲಿ, ನಿಯಮದ ಪ್ರಕಾರ ಮೂರರೊಳಗೆ, ನೇರ ಬ್ಯಾಂಕಿಗೆ ಬರುತ್ತಿತ್ತು. ನಡುವೆ ಬ್ರೋಕರ್ ಖಾತೆ ಅನ್ನುವ ತಂಗುದಾಣ ಇಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ಸಣ್ಣ ವ್ಯತ್ಯಾಸ ಡಿಪಿ ಚಾರ್ಜ್. ಡಿಮ್ಯಾಟ್‌ನಿಂದ ಯೂನಿಟ್ ಹೊರಹೋದಾಗಲೆಲ್ಲ, ಒಂದು ಇಟಿಎಫ್‌ಗೆ ದಿನಕ್ಕೆ ಒಂದು ಸಲದಂತೆ ಇದು ಬೀಳುತ್ತದೆ. ಗೌಡ್ರಿಗೆ ಜಿಎಸ್‌ಟಿ ಸೇರಿ 19 ರೂಪಾಯಿ ಬಿತ್ತು. 45 ಸಾವಿರಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ಕೊಯ್ಲಿನ ಕಾಲದಲ್ಲಿ ವಾರ ವಾರ ಬಟವಾಡೆಗೆ ಐದೈದು ಸಾವಿರ ಮಾರುತ್ತೇನೆ ಅಂದರೆ ಪ್ರತಿ ಸಲ 0.4 ಶೇಕಡಾ ಹೋಗುತ್ತದೆ, ಫಂಡ್‌ನ ಇಡೀ ವರ್ಷದ ವೆಚ್ಚಕ್ಕಿಂತ ಹೆಚ್ಚು. ಬಟವಾಡೆ ಹಣವನ್ನು ಷೇರಿನಲ್ಲಿ ಇಡುವುದೇ ತಪ್ಪು ಅನ್ನಿ, ಅದು ಬೇರೆ ಮಾತು.

ನಾವು ಮೊದಲು ಮಾಡಿದ ಕೆಲಸ ಮೊಬೈಲ್ ನಂಬರ್ ಬದಲಾವಣೆ. ಡಿಮ್ಯಾಟ್ ಖಾತೆಯಲ್ಲೂ ಕೆವೈಸಿ ದಾಖಲೆಯಲ್ಲೂ ಗೌಡ್ರದೇ ನಂಬರ್ ಹಾಕಿಸಿದೆವು. ಡಿಡಿಪಿಐ ಅನ್ನುವ ಅಧಿಕಾರಪತ್ರಕ್ಕೆ ಸಹಿ ಹಾಕಿದರೆ ಟಿಪಿನ್ ಗೋಜೇ ಇರುವುದಿಲ್ಲ ಅಂತ ಬ್ರೋಕರ್ ಕಡೆಯವರು ಹೇಳಿದರು. ವರ್ಷಕ್ಕೆ ಒಂದೆರಡು ಸಲ ಮಾರುವವರಿಗೆ ಅದು ಬೇಡ ಅಂದೆ. ಓಟಿಪಿ ಕಿರಿಕಿರಿಯೇ ಇರಬಹುದು, ಆದರೆ ಯೂನಿಟ್ ಹೊರಹೋಗುವ ಮುಂಚೆ ಫೋನ್ ಒಂದು ಸಲ ಕೂಗುತ್ತದಲ್ಲ.

ಎರಡನೆಯದು ವಾರ್ಷಿಕ ನಿರ್ವಹಣಾ ಶುಲ್ಕ. ಗೌಡ್ರ ಹೆಸರಲ್ಲಿ ಇನ್ನೊಂದು ಹಳೇ ಡಿಮ್ಯಾಟ್ ಇತ್ತು, ಬ್ಯಾಂಕಿನವರು ಯಾವಾಗಲೋ ತೆರೆಸಿದ್ದು, ಒಳಗೆ ಏನೂ ಇಲ್ಲ. ಅದಿರುವ ತನಕ ಈ ಶುಲ್ಕ ಕಡಿಮೆ ಮಾಡುವ ಬೇಸಿಕ್ ಸರ್ವಿಸಸ್ ಡಿಮ್ಯಾಟ್ ಸೌಲಭ್ಯ ಸಿಗುವುದಿಲ್ಲ. ಮೊದಲ ಹೆಸರಿನವರಿಗೆ ದೇಶದಲ್ಲಿ ಒಂದೇ ಡಿಮ್ಯಾಟ್ ಇರಬೇಕು ಅನ್ನುವುದು ಷರತ್ತು. ಹಳೆಯದನ್ನು ಮುಚ್ಚಿಸಿ ಈಗಿನದನ್ನು ಈ ಸೌಲಭ್ಯಕ್ಕೆ ಬದಲಾಯಿಸಿದೆವು. 2024ರ ಸೆಪ್ಟೆಂಬರ್‌ನಿಂದ 4 ಲಕ್ಷದವರೆಗಿನ ಹೂಡಿಕೆಗೆ ಶುಲ್ಕವಿಲ್ಲ, 4ರಿಂದ 10 ಲಕ್ಷಕ್ಕೆ ವರ್ಷಕ್ಕೆ 100 ರೂಪಾಯಿ. ಗೌಡ್ರದು ಎರಡನೇ ಗುಂಪು. ಹೆಂಡತಿಯ ಹೆಸರನ್ನು ಜಂಟಿಯಾಗಿ ಸೇರಿಸಿ ಅಂದರು. ಇರುವ ಡಿಮ್ಯಾಟ್‌ಗೆ ಹೊಸ ಹೆಸರು ಸೇರಿಸಲು ಬರುವುದಿಲ್ಲ, ಹೊಸ ಖಾತೆಯೇ ಬೇಕು. ನಾಮಿನಿ ಮಾಡಿಸಿ ಸುಮ್ಮನಾದೆವು.

ಕೊನೆಗೆ ಮುಖ್ಯ ಪ್ರಶ್ನೆ: ಆ 4,300 ಯೂನಿಟ್ ಏನು ಮಾಡುವುದು? ಮಾರಿ ಇಂಡೆಕ್ಸ್ ಫಂಡ್‌ಗೆ ಹಾಕೋಣ ಅಂತ ಮಗ ಅವಸರ ಮಾಡಿದ. ಬೇಡ ಅಂದೆ. ಕೊಟ್ಟ 4,192 ಮಾರಿದರೆ ವಾಪಸ್ ಬರುವುದಿಲ್ಲ, ಮಾರುವಾಗ ಅಂತರ ಇನ್ನೊಂದು ಸಲ ಕಟ್ಟಬೇಕು. ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20 ಶೇಕಡಾ ತೆರಿಗೆ ಬೇರೆ. ವರ್ಷ ದಾಟಿದ ಮೇಲೆ 12.5 ಶೇಕಡಾ, ಅದೂ ವರ್ಷಕ್ಕೆ 1.25 ಲಕ್ಷಕ್ಕಿಂತ ಹೆಚ್ಚಿನ ಲಾಭಕ್ಕೆ ಮಾತ್ರ. ತೆರಿಗೆಯಲ್ಲಿ ಇಟಿಎಫ್‌ಗೂ ಇಂಡೆಕ್ಸ್ ಫಂಡ್‌ಗೂ ಭೇದವಿಲ್ಲ. ಒಳಗೆ ಬಂದಾಗಿದೆ, ಇನ್ನು ಕೂತಿರುವುದೇ ಅಗ್ಗ.

ಮಗನ ಮುಂದಿನ ಪಟ್ಟಿಯಲ್ಲಿ ಅಮೆರಿಕದ ಇಂಡೆಕ್ಸಿನ ಇಟಿಎಫ್ ಒಂದಿತ್ತು. ಅಲ್ಲಿನ ಸಮಸ್ಯೆ ಇನ್ನೂ ದೊಡ್ಡದು. ಸಾಮಾನ್ಯವಾಗಿ ಇಟಿಎಫ್ ಬೆಲೆ ಎನ್‌ಎವಿಗಿಂತ ಮೇಲೆ ಹೋದರೆ ದೊಡ್ಡವರು ಹೊಸ ಯೂನಿಟ್ ಮಾಡಿಸಿ ಮಾರಿ ಬೆಲೆಯನ್ನು ಕೆಳಗೆ ತರುತ್ತಾರೆ. ವಿದೇಶಿ ಹೂಡಿಕೆಯ ಮಿತಿಯಿಂದಾಗಿ ಹೊಸ ಯೂನಿಟ್ ಮಾಡಲು ಆಗದ ಕಾಲದಲ್ಲಿ ಆ ಕೀಲಿಯೇ ಕೆಲಸ ಮಾಡುವುದಿಲ್ಲ. ಬೆಲೆ ಎನ್‌ಎವಿಗಿಂತ 10 ಶೇಕಡಾ ಮೇಲೆ ನಿಂತದ್ದೂ ಉಂಟು. ಮಿತಿ ಸಡಿಲವಾದ ದಿನ ಆ ಹತ್ತು ಶೇಕಡಾ ಕರಗಿಹೋಗಬಹುದು. ಎನ್‌ಎವಿ ನೋಡದೆ ಅದನ್ನು ಮುಟ್ಟಬೇಡ ಅಂದೆ. ಸದ್ಯಕ್ಕೆ ಬಿಟ್ಟಿದ್ದಾನೆ.

ಈಗ ಗೌಡ್ರ ಮನೆಯ ಏರ್ಪಾಡು ಹೀಗಿದೆ. ಮುಂದಿನ ಫಸಲಿನ ಹಣದಲ್ಲಿ ನಿಫ್ಟಿ 50ಕ್ಕೆ ಹೋಗುವ ಪಾಲು ಅದೇ ಇಟಿಎಫ್‌ಗೆ, ಹತ್ತೂವರೆಯಿಂದ ಮೂರರ ನಡುವೆ, ಐ-ಎನ್‌ಎವಿ ನೋಡಿ ಲಿಮಿಟ್ ಆರ್ಡರ್. ನೆಕ್ಸ್ಟ್ 50ರ ಪಾಲು ಇಂಡೆಕ್ಸ್ ಫಂಡ್‌ನ ಡೈರೆಕ್ಟ್ ಪ್ಲಾನ್‌ಗೆ. ಹಗಲಿಡೀ ತೋಟದಲ್ಲಿರುವ ಮನುಷ್ಯ ಹತ್ತು ಪೈಸೆಗಾಗಿ ದಿಬ್ಬದ ಮೇಲೆ ಫೋನ್ ಹಿಡಿದು ಕಾಯುವುದು ಆಗದ ಮಾತು, ವರ್ಷಕ್ಕೆ 0.13 ಹೆಚ್ಚು ಕೊಟ್ಟರೂ ಅದೇ ಲೇಸು. ಹಳೇ 4,300 ಯೂನಿಟ್ ಡಿಮ್ಯಾಟ್‌ನಲ್ಲೇ ಇರುತ್ತವೆ. ಮಾರುವ ಕಾಲ ಬಂದಾಗ ಪೇಟೆ ಶಾಂತವಾಗಿರುವ ದಿನ ನೋಡಿ, ಸಾಲಿನಲ್ಲಿ ಎಷ್ಟು ಯೂನಿಟ್‌ಗೆ ಗಿರಾಕಿ ಇದ್ದಾರೋ ಅಷ್ಟಷ್ಟೇ ಹಾಕಬೇಕು, ಆದಷ್ಟು ಒಂದೇ ದಿನದಲ್ಲಿ ಮುಗಿಸಬೇಕು, ಆಗ ಡಿಪಿ ಚಾರ್ಜ್ ಒಂದೇ ಸಲ ಬೀಳುತ್ತದೆ. ಮೋಟಾರಿಗೆ ಅಂತ 60 ಸಾವಿರ ಆಲ್ದೂರಿನ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಬೇರೆ ಇಟ್ಟಿದ್ದಾರೆ.